ಗೆಳೆಯನ ಸಾಲಕ್ಕೆ ಜಾಮೀನು ಹಾಕಲು ಮನಸ್ಸಿಲ್ಲ, ಹೇಗೆ ಹೇಳಲಿ?

ಪ್ರಶ್ನೆ

ಕಾಲೇಜಿನ ದಿನಗಳಿಂದ ಜೊತೆಗಿರುವ ಗೆಳೆಯ ಸಣ್ಣ ಮುದ್ರಣಾಲಯ ನಡೆಸುತ್ತಾನೆ. ಹೊಸ ಯಂತ್ರಕ್ಕೆಂದು ಐದು ವರ್ಷದ ಅವಧಿಗೆ 12 ಲಕ್ಷ ರೂಪಾಯಿ ಸಾಲ ಕೇಳಿದ್ದಾನೆ. ಸಂಬಳದ ಕೆಲಸದಲ್ಲಿರುವ ಒಬ್ಬರು ಜಾಮೀನು ಹಾಕಬೇಕು ಎಂದು ಬ್ಯಾಂಕಿನವರು ಹೇಳಿದ್ದಾರಂತೆ. ನನ್ನ ಕೈಗೆ ತಿಂಗಳಿಗೆ 80 ಸಾವಿರ ಬರುತ್ತದೆ. ಮುಂದಿನ ವರ್ಷ ಮನೆ ಸಾಲ ತೆಗೆಯುವ ಯೋಚನೆಯಿದೆ. ಸಹಿ ಹಾಕಲು ಮನಸ್ಸಿಲ್ಲ. ಆದರೆ ಅವನು ಕೇಳಿದಾಗ "ನೋಡೋಣ" ಎಂದಿದ್ದೇನೆ. ಸ್ನೇಹ ಕೆಡದಂತೆ ಬೇಡ ಎನ್ನುವುದು ಹೇಗೆ?

ನಿವೃತ್ತ ಬ್ಯಾಂಕ್ ಸಾಲ ಅಧಿಕಾರಿ

ಮೊದಲು ಆ "ನೋಡೋಣ"ವನ್ನು ಹಿಂದಕ್ಕೆ ಪಡೆಯಿರಿ, ಇವತ್ತೇ ಆದರೆ ಇನ್ನೂ ಒಳ್ಳೆಯದು. ಸಾಲ ಬೇಕಾದವನ ಕಿವಿಗೆ ಆ ಮಾತು "ಆಗಲಿ" ಎಂದೇ ಬೀಳುತ್ತದೆ. ಅವನು ಅರ್ಜಿಯಲ್ಲಿ ನಿಮ್ಮ ಹೆಸರು ಬರೆಯುತ್ತಾನೆ, ಶಾಖೆಯವರು ನಿಮ್ಮ ಸಂಬಳ ಚೀಟಿ ಕೇಳುತ್ತಾರೆ, ಅತ್ತ ಯಂತ್ರದ ಮಾರಾಟಗಾರನಿಗೆ ಮುಂಗಡವೂ ಹೋಗಿರುತ್ತದೆ. ಕಾಗದಪತ್ರಕ್ಕೆ ಸಹಿ ಹಾಕುವ ದಿನ ಜಾಮೀನುದಾರ ಫೋನ್ ಎತ್ತದೆ ಕೂತದ್ದನ್ನು ನನ್ನ ಮೇಜಿನ ಮುಂದೆಯೇ ಎಷ್ಟೋ ಸಲ ನೋಡಿದ್ದೇನೆ. ಸ್ನೇಹ ಮುರಿಯುವುದು ಅಲ್ಲಿ. ಅರ್ಜಿ ಹೋಗುವ ಮೊದಲೇ ಆಗುವುದಿಲ್ಲ ಎಂದವನ ಮೇಲೆ ಸಿಟ್ಟು ಬಂದರೂ ಅದು ಇಳಿಯುತ್ತದೆ.

ಇನ್ನು ಕಾರಣ. ನಿಮ್ಮ ಬಳಿ ನಿಜವಾದ ಕಾರಣವೇ ಇದೆ, ಬೇರೆ ಹುಡುಕಬೇಡಿ. ಬಡ್ಡಿ ಶೇಕಡಾ 12 ಎಂದು ಹಿಡಿದರೆ 12 ಲಕ್ಷಕ್ಕೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು 26,700 ಬೀಳುತ್ತದೆ. ನೀವು ಹಾಕಿದ ಜಾಮೀನು ನಿಮ್ಮ ಕ್ರೆಡಿಟ್ ವರದಿಯಲ್ಲಿ ಕಾಣಿಸುತ್ತದೆ. ಮನೆ ಸಾಲ ಕೊಡುವವರು ನಿಮ್ಮ ಆದಾಯದ ಅರ್ಧದಷ್ಟನ್ನು, ಅಂದರೆ 40 ಸಾವಿರವನ್ನು, ಎಲ್ಲ ಕಂತುಗಳಿಗೂ ಸೇರಿ ಮಿತಿಯೆಂದು ಇಟ್ಟುಕೊಂಡರು ಎನ್ನಿ. ಗೆಳೆಯನ ಕಂತನ್ನೂ ಅದರಲ್ಲಿ ಕಳೆದರೆ ನಿಮ್ಮ ಮನೆಗೆ ಉಳಿಯುವುದು 13 ಸಾವಿರ ಚಿಲ್ಲರೆ. ಎಲ್ಲ ಬ್ಯಾಂಕುಗಳೂ ಪೂರ್ತಿ ಕಳೆಯುವುದಿಲ್ಲ, ಗೆಳೆಯ ಕಂತು ತಪ್ಪಿಸಿಲ್ಲ ಎಂದು ತೋರಿಸಿದರೆ ಕೆಲವರು ಬಿಟ್ಟುಕೊಡುತ್ತಾರೆ. ಆದರೆ ಬಿಡುವುದೂ ಬಿಡದಿರುವುದೂ ಅವರ ಮರ್ಜಿ.

ಅವನು ಒಂದೂವರೆ ವರ್ಷ ಸರಿಯಾಗಿ ಕಟ್ಟಿ ಆಮೇಲೆ ಕೈಚೆಲ್ಲಿದ ಎಂದಿಟ್ಟುಕೊಳ್ಳಿ. ಆಗಲೂ ಬಾಕಿ 9 ಲಕ್ಷದ ಮೇಲಿರುತ್ತದೆ. ಮೊದಲ ವರ್ಷಗಳ ಕಂತಿನಲ್ಲಿ ಬಡ್ಡಿಯ ಪಾಲು ದೊಡ್ಡದು, ಅಸಲು ಕರಗುವುದು ನಿಧಾನ. ಆ 9 ಲಕ್ಷ, ಅದರ ಮೇಲೆ ಬೆಳೆಯುವ ಬಡ್ಡಿ, ವಸೂಲಾತಿಯ ಖರ್ಚು, ಎಲ್ಲಕ್ಕೂ ನೀವು ಬಾಧ್ಯರು.

ಸದಸ್ಯರೊಬ್ಬರು

ಇಷ್ಟು ಹೆದರಿಸಬೇಕಾಗಿಲ್ಲ ಸರ್. ಬ್ಯಾಂಕು ಮೊದಲು ಸಾಲಗಾರನ ಯಂತ್ರವನ್ನು ಹರಾಜು ಹಾಕಬೇಕು, ಉಳಿದದ್ದಕ್ಕೆ ಮಾತ್ರ ಜಾಮೀನುದಾರನ ಬಳಿ ಬರಬೇಕು. ಬೇಡವೆನಿಸಿದ ದಿನ ಬ್ಯಾಂಕಿಗೆ ಒಂದು ಪತ್ರ ಬರೆದು ಜಾಮೀನನ್ನು ವಾಪಸು ಪಡೆಯಬಹುದು. ಕಟ್ಟಬೇಕಾಗಿ ಬಂದರೂ ಆ ಹಣವನ್ನು ಗೆಳೆಯನಿಂದ ವಸೂಲು ಮಾಡುವ ಹಕ್ಕು ಕಾನೂನಿನಲ್ಲಿದೆ.

ನಿವೃತ್ತ ಬ್ಯಾಂಕ್ ಸಾಲ ಅಧಿಕಾರಿ

ಕೊನೆಯ ಮಾತು ಸರಿ. ಆದರೆ ಕಟ್ಟಲಾಗದೆ ಕೈಚೆಲ್ಲಿದವನಿಂದ ವಸೂಲು ಮಾಡಲು ಹೊರಟರೆ ಏನು ಸಿಗುತ್ತದೆ ಎಂಬುದನ್ನು ನೀವೇ ಊಹಿಸಿ.

ಮೊದಲನೆಯದು ತಪ್ಪು. ಭಾರತೀಯ ಕರಾರು ಕಾಯ್ದೆ, 1872ರ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಗೆ ಸಮ. ಸಾಲಗಾರನ ಮೇಲಿನ ದಾರಿಗಳೆಲ್ಲ ಮುಗಿಯುವವರೆಗೆ ಬ್ಯಾಂಕು ಕಾಯಬೇಕಾಗಿಲ್ಲ. ಮಾರಲು ಕಷ್ಟವಾದ ಹಳೆಯ ಯಂತ್ರ ಒಂದು ಕಡೆ, ತಿಂಗಳಿಗೊಮ್ಮೆ ತಪ್ಪದೆ ಸಂಬಳ ಬೀಳುವ ಖಾತೆ ಇನ್ನೊಂದು ಕಡೆ ಇದ್ದರೆ ವಸೂಲಾತಿಯವರು ಎತ್ತ ನೋಡುತ್ತಾರೆ ಎಂದು ಹೇಳಬೇಕೇ?

ಎರಡನೆಯದು ಅರ್ಧ ಸರಿ. ಓವರ್‌ಡ್ರಾಫ್ಟಿನಂತೆ ಹಣ ಹೋಗಿ ಬಂದು ಮಾಡುವ ಖಾತೆಗೆ ನಿರಂತರ ಜಾಮೀನು ಕೊಟ್ಟಿದ್ದರೆ, ನೋಟಿಸ್ ಕೊಟ್ಟು ಮುಂದಿನ ವ್ಯವಹಾರಕ್ಕೆ ತಾನು ಹೊಣೆಯಲ್ಲ ಎನ್ನಬಹುದು. ಅದು 130ನೇ ಕಲಮು. ಅಲ್ಲಿಯವರೆಗಿನ ಬಾಕಿ ತಲೆಯ ಮೇಲೆ ಇದ್ದೇ ಇರುತ್ತದೆ. ಇಲ್ಲಿ ಕೇಳಿರುವುದು ಯಂತ್ರದ ಅವಧಿ ಸಾಲ. ಹಣ ಒಮ್ಮೆ ಬಿಡುಗಡೆಯಾದ ಮೇಲೆ ಪತ್ರ ಬರೆದು ಪ್ರಯೋಜನವಿಲ್ಲ. ಬದಲಿ ಜಾಮೀನುದಾರನನ್ನು ಒಪ್ಪಿ ನಿಮ್ಮನ್ನು ಬಿಡುವುದು ಬ್ಯಾಂಕಿನ ಇಷ್ಟಕ್ಕೆ ಸೇರಿದ್ದು.

ಶಿಕ್ಷಕಿ, ಸದಸ್ಯೆ

ಕಾನೂನು ನನಗೆ ತಿಳಿಯದು, ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನನ್ನ ಯಜಮಾನರು ಇಂಥದೇ ಸಂದರ್ಭದಲ್ಲಿ "ಹೆಂಡತಿ ಒಪ್ಪುವುದಿಲ್ಲ" ಎಂದುಬಿಟ್ಟರು. ನನ್ನನ್ನು ಕೇಳಿಯೂ ಇರಲಿಲ್ಲ. ಅವರ ಸ್ನೇಹಿತರು ನನ್ನನ್ನು ಒಪ್ಪಿಸಲೆಂದು ತಮ್ಮ ಮನೆಯವರನ್ನೂ ಕರೆದುಕೊಂಡು ಬಂದರು. ಆಕೆ ಕಾಗದಗಳನ್ನು ಒಂದೊಂದಾಗಿ ನನ್ನ ಮುಂದೆ ಹರಡಿ, "ನೋಡಿ ಅಕ್ಕ, ಆದಾಯ ಇಷ್ಟಿದೆ, ಕಂತು ಇಷ್ಟೇ" ಎಂದು ವಿವರಿಸಿದರು. ನನಗೆ ತಲೆಬುಡ ಗೊತ್ತಿಲ್ಲ, ಇವರು ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಈಗಲೂ ಅವರಿಬ್ಬರು ಗೆಳೆಯರೇ, ಹೊರಗೆ ಭೇಟಿಯಾಗುತ್ತಾರೆ. ನಾನಿರುವ ಹೊತ್ತಿಗೆ ಮಾತ್ರ ಆ ಮನುಷ್ಯ ಮನೆಗೆ ಬರುವುದಿಲ್ಲ. ದಯವಿಟ್ಟು ಮನೆಯವರ ಮೇಲೆ ಹಾಕಬೇಡಿ.

ಇನ್ನೊಬ್ಬ ಸದಸ್ಯರು

ಸುಲಭ ದಾರಿಯಿದೆ. ಒಪ್ಪಿದಂತೆ ಮಾಡಿ, ಶಾಖಾ ವ್ಯವಸ್ಥಾಪಕರನ್ನು ಗುಟ್ಟಾಗಿ ಕಂಡು "ನನ್ನನ್ನು ತಿರಸ್ಕರಿಸಿಬಿಡಿ" ಎನ್ನಿ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ನಿವೃತ್ತ ಬ್ಯಾಂಕ್ ಸಾಲ ಅಧಿಕಾರಿ

ಹಾಗೆ ಬಂದವರು ನನ್ನ ಬಳಿಯೂ ಇದ್ದರು. ಸಾಲಗಾರ ಸುಮ್ಮನೆ ಹೋಗುವುದಿಲ್ಲ, "ಇಷ್ಟು ಸಂಬಳ ಇರುವವರನ್ನು ಯಾಕೆ ಬೇಡವೆಂದಿರಿ?" ಎಂದು ಕೇಳುತ್ತಾನೆ. ನಿಮಗಾಗಿ ಯಾವ ಅಧಿಕಾರಿಯೂ ಸುಳ್ಳು ಕಾರಣ ಬರೆದುಕೊಡುವುದಿಲ್ಲ.

ಶಿಕ್ಷಕಿಯವರ ಮಾತಿಗೆ ಒಂದು ಸೇರಿಸುತ್ತೇನೆ. ನೆಪದ ತೊಂದರೆಯೆಂದರೆ ಅದಕ್ಕೆ ಪರಿಹಾರ ಇರುತ್ತದೆ, ಕೇಳುವವನು ಅದನ್ನು ಹುಡುಕಿಕೊಂಡು ಬರುತ್ತಾನೆ. "ಈಗ ಕೈ ಬಿಗಿಯಾಗಿದೆ" ಎಂದರೆ "ಜಾಮೀನಿಗೆ ದುಡ್ಡೇಕೆ?" ಎನ್ನುತ್ತಾನೆ. "ಯಾರಿಗೂ ಜಾಮೀನು ಹಾಕುವುದಿಲ್ಲ ಎಂದು ನಿರ್ಧರಿಸಿದ್ದೇನೆ" ಎನ್ನುವುದು ಗಟ್ಟಿ ಉತ್ತರ, ಆದರೆ ಅದು ನಿಜವಾಗಿದ್ದರೆ ಮಾತ್ರ. ಅಣ್ಣನಿಗೆ ಹಾಕಿದ್ದು ನಾಳೆ ಗೊತ್ತಾದರೆ ಈ ಮಾತೇ ಚುಚ್ಚುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎದುರಿಗೆ ಕೂತು ಹೀಗೆ ಹೇಳುತ್ತಿದ್ದೆ: "ಆವತ್ತು ನೋಡೋಣ ಎಂದೆ, ಯೋಚಿಸಿದೆ. ನಾನು ಸಹಿ ಹಾಕುವುದಿಲ್ಲ. ಮುಂದಿನ ವರ್ಷ ಮನೆ ಸಾಲಕ್ಕೆ ಹೋಗಬೇಕು, ನಿನ್ನ ಕಂತು ನನ್ನ ಲೆಕ್ಕಕ್ಕೆ ಬಂದರೆ ನನ್ನದು ನಿಲ್ಲುತ್ತದೆ. ನೀನು ನನ್ನ ಮೇಲೆ ಲೆಕ್ಕ ಇಟ್ಟುಕೊಳ್ಳಬಾರದು ಎಂದು ಈಗಲೇ ಹೇಳುತ್ತಿದ್ದೇನೆ. ಬ್ಯಾಂಕಿನವರು ಜಾಮೀನು ಯಾಕೆ ಕೇಳಿದರು ಎಂಬುದನ್ನು ಇಬ್ಬರೂ ಸೇರಿ ನೋಡೋಣ ಬಾ." ವ್ಯಾಪಾರ ಸರಿಯಿಲ್ಲ, ಯಂತ್ರ ಯಾಕೆ ಬೇಕಿತ್ತು ಎಂಬ ಉಪದೇಶ ಬೇಡ. ಸಹಿ ಹಾಕದವನಿಗೆ ಬುದ್ಧಿ ಹೇಳುವ ಅಧಿಕಾರವೂ ಇಲ್ಲ.

"ಇಬ್ಬರೂ ಸೇರಿ ನೋಡೋಣ" ಎಂಬುದನ್ನು ಬಾಯಿ ಉಪಚಾರಕ್ಕೆ ಹೇಳಿಲ್ಲ. ಜಾಮೀನು ಕೇಳುವುದಕ್ಕೆ ಶಾಖೆಗೆ ಏನಾದರೂ ಕಾರಣ ಇರುತ್ತದೆ. ಸಣ್ಣ ಉದ್ಯಮಿಗಳ ವಿಷಯದಲ್ಲಿ ನಾನು ಹೆಚ್ಚಾಗಿ ಕಂಡದ್ದು ಆದಾಯ ತೆರಿಗೆ ವಿವರದಲ್ಲಿ ಕಡಿಮೆ ಲಾಭ ತೋರಿಸಿರುವುದು. ಕಾಗದದ ಮೇಲಿನ ಆದಾಯಕ್ಕೆ 26,700ರ ಕಂತು ಭಾರವಾದಾಗ ಹೆಗಲು ಕೊಡುವವರನ್ನು ತನ್ನಿ ಎನ್ನುತ್ತಾರೆ. ಹಾಗಿದ್ದರೆ ಕಂತನ್ನೇ ಇಳಿಸಬಹುದು. ಅದೇ 12 ಲಕ್ಷವನ್ನು ಏಳು ವರ್ಷಕ್ಕೆ ಹಂಚಿದರೆ ಕಂತು 21,200ರ ಆಸುಪಾಸಿಗೆ ಬರುತ್ತದೆ, ಒಟ್ಟು ಬಡ್ಡಿ ಮಾತ್ರ ಹೆಚ್ಚುತ್ತದೆ. ಬಳಸಿದ ಯಂತ್ರ ಕೊಂಡು, ಸಾಲವನ್ನು 8 ಲಕ್ಷಕ್ಕೆ ಇಳಿಸಿದರೆ ಐದು ವರ್ಷದಲ್ಲೂ 17,800ರಷ್ಟೇ.

ಇನ್ನೊಂದು ವಿಷಯ ವಿಚಾರಿಸಲಿ. ಅವನ ಮುದ್ರಣಾಲಯಕ್ಕೆ ಉದ್ಯಮ್ ನೋಂದಣಿ ಇದೆಯೇ? ಇದ್ದರೆ ಈ ಸಾಲವನ್ನು ಸಿಜಿಟಿಎಂಎಸ್‌ಇ ಖಾತರಿಯ ಅಡಿಯಲ್ಲಿ ಕೊಡಲು ಬರುತ್ತದೆಯೇ ಎಂದು ನೇರವಾಗಿ ಕೇಳಲಿ. ಮೂರನೆಯವರ ಜಾಮೀನಿಲ್ಲದೆ ಸಣ್ಣ ಉದ್ಯಮಕ್ಕೆ ಸಾಲ ಸಿಗಲೆಂದೇ ಇರುವ ಏರ್ಪಾಡು ಅದು. ಅದಕ್ಕೆ ಶುಲ್ಕ ಬೀಳುತ್ತದೆ, ಕಾಗದದ ಕೆಲಸವೂ ಇದೆ. ಹಾಗಾಗಿ ಕೆಲವು ಶಾಖೆಗಳಲ್ಲಿ ತಾವಾಗಿಯೇ ಹೇಳುವುದಿಲ್ಲ.

ಗ್ಯಾರೇಜ್ ಮಾಲೀಕ, ಸದಸ್ಯರು

ಎಲ್ಲರೂ ಹೀಗೆ ಲೆಕ್ಕ ಹಾಕುತ್ತ ಕೂತಿದ್ದರೆ ನನ್ನ ಗ್ಯಾರೇಜು ಆರಂಭವೇ ಆಗುತ್ತಿರಲಿಲ್ಲ. ನನಗೆ ಜಾಮೀನು ಹಾಕಿದವನು ಗುಮಾಸ್ತ. ಒಂದು ಕಂತೂ ತಪ್ಪಿಸದೆ ಸಾಲ ತೀರಿಸಿದೆ. ಗೆಳೆಯನನ್ನು ನಂಬದವನು ಆಮೇಲೆ ಸಿಹಿ ಮಾತಾಡಿ ಏನು ಪ್ರಯೋಜನ?

ನಿವೃತ್ತ ಬ್ಯಾಂಕ್ ಸಾಲ ಅಧಿಕಾರಿ

ನಿಮ್ಮ ಗೆಳೆಯ ದೊಡ್ಡ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಸ್ತಿಯಾದ ಸಾಲಗಾರರಲ್ಲಿ ಮೋಸಗಾರರಿಗಿಂತ ನಿಮ್ಮಂತೆ ದುಡಿಯುವವರನ್ನೇ ನಾನು ಹೆಚ್ಚು ಕಂಡಿದ್ದೇನೆ. ದೊಡ್ಡ ಗಿರಾಕಿ ಹಣ ಕೊಡಲಿಲ್ಲ, ಕಾಯಿಲೆ ಬಿತ್ತು, ಹೀಗೆ. ಅಲ್ಲಿ ನಂಬಿಕೆಯ ಪ್ರಶ್ನೆಯೇ ಬರುವುದಿಲ್ಲ. ಆ ಪೂರ್ತಿ ಸಾಲ ತಾನೇ ಕಟ್ಟಬೇಕಾಗಿ ಬಂದರೂ ತಾಳಿಕೊಳ್ಳುವವನು ಹಾಕಲಿ, ನಾನು ತಡೆಯುವುದಿಲ್ಲ.

ಗ್ಯಾರೇಜ್ ಮಾಲೀಕ, ಸದಸ್ಯರು

ಗುಮಾಸ್ತನಿಗೆ ಆ ತಾಕತ್ತು ಎಲ್ಲಿತ್ತು ಸರ್? ಆದರೂ ಹಾಕಿದ. ಇದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು

ನಿನ್ನೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ ಬಿಡು" ಎಂದ. ಬೇಸರವಾಗಿದೆ ಎಂದು ಮುಖವೇ ಹೇಳುತ್ತಿತ್ತು. ಆದರೆ ರಾತ್ರಿ ಅವನೇ ಎರಡು ವರ್ಷದ ತೆರಿಗೆ ವಿವರವನ್ನು ಮೊಬೈಲಿಗೆ ಕಳುಹಿಸಿ "ನೋಡು" ಎಂದು ಬರೆದಿದ್ದ. ನೀವು ಹೇಳಿದಂತೆ ಲಾಭ ಬಹಳ ಕಡಿಮೆ ತೋರಿಸಿದ್ದಾನೆ. ಉದ್ಯಮ್ ನೋಂದಣಿ ಇದೆ. ಬಳಸಿದ ಯಂತ್ರಕ್ಕೆ ಅವನ ಮನಸ್ಸು ಒಪ್ಪುತ್ತಿಲ್ಲ. ಸೋಮವಾರ ಶಾಖೆಗೆ ಇಬ್ಬರೂ ಹೋಗುತ್ತೇವೆ. ಅವನ ಪಾಲಿನ ಹಣ ಹೆಚ್ಚಿಸಿ ಸಾಲ ಇಳಿಸಲು ನಾನು 1 ಲಕ್ಷ ಕೊಡಬಹುದೇ? ಅಷ್ಟು ನನ್ನ ಉಳಿತಾಯದಲ್ಲಿದೆ.

ನಿವೃತ್ತ ಬ್ಯಾಂಕ್ ಸಾಲ ಅಧಿಕಾರಿ

ಆ 1 ಲಕ್ಷ ಹಿಂದಿರುಗದಿದ್ದರೂ ನಿಮ್ಮ ಮನೆಯ ಮುಂಗಡಕ್ಕೆ ಪೆಟ್ಟು ಬೀಳದು ಎಂದಾದರೆ ಕೊಡಿ. ಕೊಡುವಾಗ ಸಾಲವೋ ಉಡುಗೊರೆಯೋ ಎಂಬುದನ್ನು ಬಾಯಿಬಿಟ್ಟು ಹೇಳಿ. ಸಾಲವಾದರೆ ಖಾತೆಯಿಂದ ಖಾತೆಗೆ ಕಳುಹಿಸಿ, ಯಾವಾಗ ಹೇಗೆ ತೀರಿಸುವುದು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಬ್ಯಾಂಕಿನವರು ಅವನ ಪಾಲಿನ ಹಣ ಎಲ್ಲಿಂದ ಬಂತು ಎಂದು ಕೇಳಿದರೆ ಅವನು ಮುಚ್ಚಿಡಬಾರದು.

ಸೋಮವಾರ ಒಂದು ವಿಷಯದಲ್ಲಿ ಎಚ್ಚರವಿರಲಿ. ಜೊತೆಗೆ ಹೋದವರನ್ನು ನೋಡಿ "ಇವರೇ ಹಾಕಬಹುದಲ್ಲ" ಎಂದು ಅಧಿಕಾರಿ ಫಾರಂ ಮುಂದೆ ತಳ್ಳುವುದು ಮಾಮೂಲು. ಅದಕ್ಕೆ ಉತ್ತರವನ್ನು ನೀವಿಬ್ಬರೂ ಮೊದಲೇ ಮಾತಾಡಿಕೊಂಡು ಹೋಗಿ. "ಇವನು ಜಾಮೀನಿಗೆ ಬಂದವನಲ್ಲ" ಎಂಬ ಮಾತು ನಿಮ್ಮ ಬಾಯಿಂದಲ್ಲ, ಅವನ ಬಾಯಿಂದ ಬಂದರೆ ಒಳ್ಳೆಯದು.