ಲೆಕ್ಕದಾಗ 14 ಮೆಗಾಹರ್ಟ್ಸ್ ಬರ್ತದ, 1 ಹರ್ಟ್ಸ್‌ಗೂ ಸರ್ಕ್ಯೂಟ್ ಸಾಯ್ಲಿಕ್ಕತ್ಯಾದ

ಶಹಾಬಾದ್_ಕಲ್ಲು (ಕಲಬುರಗಿ)

ನಮಸ್ಕಾರ್ರಿ. ಬ್ರೆಡ್‌ಬೋರ್ಡ್ ಮ್ಯಾಲೆ ಮೂರು ಬಿಟ್ಟಿನ ಎಲ್‌ಎಫ್‌ಎಸ್‌ಆರ್ ಕಟ್ಟೀನಿ. Q1, Q2 ಒಂದು 74HC74 ಚಿಪ್ಪಿನಾಗ ಅವ, Q3 ಇನ್ನೊಂದು ಚಿಪ್ಪಿನಾಗ ಅದ. Q1 ನೇರ Q2ಗೆ, Q2 ನೇರ Q3ಗೆ ಹೋಗ್ತದ. Q2, Q3 ಎರಡೂ 74HC86ರಾಗ ಎಕ್ಸಾರ್ ಆಗಿ ತಿರುಗಿ Q1ಗೆ ಬರ್ತಾವ. ಸಪ್ಲೈ 5 ವೋಲ್ಟ್.

ಕ್ಯಾಪ್ಚರ್ ಮಾಡೋ ಫ್ಲಾಪ್‌ಗೆ ಕ್ಲಾಕ್ ತಡ ಮಾಡಿ ಕೊಟ್ರ ಡೇಟಾಕ್ಕ ಹೆಚ್ಚಿನ ಟೈಮ್ ಸಿಗ್ತದ, ಸ್ಪೀಡ್ ಏರ್ತದ ಅಂತ ಓದಿದ್ದೆ. ಅದಕ್ಕ Q3ರ ಕ್ಲಾಕ್ ದಾರಿಯಾಗ 74HC04ರ ನಾಲ್ಕು ಇನ್ವರ್ಟರ್ ಸಾಲಾಗಿ ಹಾಕೀನಿ. ಡೇಟಾಶೀಟ್‌ನ 4.5 ವೋಲ್ಟ್, 25 ಡಿಗ್ರಿ ಕಾಲಂ ಹಿಡಿದು ಲೆಕ್ಕ ಹಿಂಗ ಅದ:

```
Q2 -> XOR -> Q1 : 35 + 24 + 12      = 71 ns -> 14 MHz
Q2 -> Q3        : 35 + 12 - (4 x 9) = 11 ns
```

ಅಂದ್ರ 14 ಮೆಗಾಹರ್ಟ್ಸ್ ತನಕ ಓಡಬೇಕು. ಆದ್ರ PRE ಎಳೆದು 111 ಇಟ್ಟು 555ರಿಂದ 1 ಹರ್ಟ್ಸ್ ಕ್ಲಾಕ್ ಕೊಟ್ರ 111 ಆದ ಮ್ಯಾಲೆ 011, ಆಮೇಲೆ 000. ಅಲ್ಲೇ ಕುಂತುಬಿಡ್ತದ. ಚಿಪ್ ಬದಲಿ ಮಾಡಿ ನೋಡಿದೆ, ಅದೇ ಕಥಿ. 1 ಹರ್ಟ್ಸ್‌ಗೆ ಟೈಮ್ ಸಾಲೂದಿಲ್ಲ ಅಂದ್ರ ಹ್ಯಾಂಗ್ರಿ?

ಭೀಮಾತೀರ (ಯಾದಗಿರಿ)

CLR, PRE ಪಿನ್ ತೇಲ್ತಿರಬೇಕು ನೋಡ್ರಿ. 1, 4, 10, 13 ನಾಲ್ಕೂ ಪಿನ್ 10 ಕಿಲೋ ಓಮ್ ಹಾಕಿ 5 ವೋಲ್ಟಿಗೆ ಎಳೀರಿ. ನನಗೂ ಹಿಂಗ ಎಲ್ಲಾ ಸೊನ್ನಿ ಆಗ್ತಿತ್ತು.

ಶಹಾಬಾದ್_ಕಲ್ಲು

ಎಲ್ಲಾ ಎಳದೀನ್ರಿ ಅಣ್ಣಾ. ಎರಡನೇ ಚಿಪ್ಪಿನಾಗ ಖಾಲಿ ಇರೋ ಫ್ಲಾಪ್‌ದೂ ಸೈತ.

ಬಿದ್ರಿ_ತಂತಿ (ಬೀದರ್)

CLR ತೇಲಿದರೆ ಸೊನ್ನೆ ಆಗುವ ಹೊತ್ತು ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಇಲ್ಲಿ ಪ್ರತಿ ಸಲ ಎರಡನೇ ಕ್ಲಾಕಿಗೇ ಸಾಯುತ್ತಿದೆ. ಇಷ್ಟು ಶಿಸ್ತಾಗಿ ಸಾಯುವ ಸರ್ಕ್ಯೂಟ್ ತನ್ನ ಕಾರಣವನ್ನು ತಾನೇ ಹೇಳುತ್ತದೆ.

ಸರಿಯಾದ ಸಾಲು 111, 011, 001, 100, 010, 101, 110, ಮತ್ತೆ 111. ಈಗ Q3 ಹಳೆಯ Q2 ಬದಲು ಹೊಸ Q2 ಹಿಡಿಯುತ್ತಿದೆ ಅಂದುಕೊಳ್ಳಿ. ಪ್ರತಿ ಕ್ಲಾಕ್ ಆದ ಮೇಲೆ Q2, Q3 ಒಂದೇ ಆಗಿರುತ್ತವೆ. ಒಂದೇ ಆದವುಗಳ ಎಕ್ಸಾರ್ ಸೊನ್ನೆ, ಹಾಗಾಗಿ Q1ಗೆ ಸೊನ್ನೆ ಬಿಟ್ಟು ಬೇರೆ ಏನೂ ಹೋಗುವುದಿಲ್ಲ. 111 ಆದ ಮೇಲೆ 011, ಆಮೇಲೆ 000. ನೀವು ಕಂಡದ್ದು ಇದನ್ನೇ. ಇದು ಹೋಲ್ಡ್ ತಪ್ಪು, ಅಂದರೆ ಎಡ್ಜ್ ಆದ ಮೇಲೂ ಸ್ವಲ್ಪ ಹೊತ್ತು ನಿಲ್ಲಬೇಕಾದ ಹಳೆಯ ಡೇಟಾ ಅದಕ್ಕೂ ಮೊದಲೇ ಬದಲಾಗಿದೆ.

ನಿಮ್ಮ ಲೆಕ್ಕದಲ್ಲಿ ಅರ್ಧ ಮಾತ್ರ ಇದೆ. ಎರಡೂ ಅರ್ಧ ಹೀಗೆ:

```
skew  = capture clk arrival - launch clk arrival
setup : T >= tcq(max) + tlogic(max) + tsu - skew
hold  : tcq(min) + tlogic(min) >= th + skew
```

ಹೋಲ್ಡ್ ಸಾಲಿನಲ್ಲಿ ಪಿರಿಯಡ್ `T` ಇಲ್ಲವೇ ಇಲ್ಲ. 1 ಹರ್ಟ್ಸ್ ಅಲ್ಲ, ದಿನಕ್ಕೊಂದು ಕ್ಲಾಕ್ ಕೊಟ್ಟರೂ ಅದು ಬದಲಾಗುವುದಿಲ್ಲ. ಒಂದೇ ಎಡ್ಜ್ ಎರಡು ಚಿಪ್ಪಿಗೆ ಬೇರೆ ಬೇರೆ ಹೊತ್ತಿಗೆ ಮುಟ್ಟುವುದೇ ಇಲ್ಲಿನ ರಗಳೆ. ಮುಂದಿನ ಎಡ್ಜ್ ಎಷ್ಟು ದೂರ ಇದೆ ಅನ್ನುವುದು ಇದರಲ್ಲಿ ಬರುವುದೇ ಇಲ್ಲ. ಹಾಗಾಗಿ ಕ್ಲಾಕ್ ನಿಧಾನ ಮಾಡಿದರೆ ವಾಸಿಯಾಗುವುದು ಸೆಟಪ್ ತಪ್ಪು, ವಾಸಿಯಾಗದೆ ಉಳಿಯುವುದು ಹೋಲ್ಡ್ ತಪ್ಪು.

Q2ರಿಂದ Q3ಗೆ ಅಂಕಿ ಹಾಕಿ. 74HC74ರ ಕ್ಲಾಕ್‌ನಿಂದ ಔಟ್‌ಪುಟ್ ವರೆಗಿನ ತಡ ಟಿಪಿಕಲ್ 17 ನ್ಯಾನೋಸೆಕೆಂಡ್, ನಡುವೆ ಗೇಟ್ ಇಲ್ಲ. ಆ ಕಡೆ ಸ್ಕ್ಯೂ 36, ಹೋಲ್ಡ್ 3, ಒಟ್ಟು 39. ಹೊಸ ಡೇಟಾ 17ಕ್ಕೆ ಬಂದು ಕೂತಿದೆ, ಕ್ಲಾಕ್ ಬರುವುದು 36ಕ್ಕೆ. ಚಿಪ್ ಬದಲಿಸಿದರೂ ಹಾಗೇ ಆಗಿದ್ದು ಅದಕ್ಕೇ, ಅಂತರ ಅಷ್ಟು ದೊಡ್ಡದು. ಟಿಪಿಕಲ್ ಹಿಡಿದದ್ದು ಯಾಕೆಂದರೆ ಈ ಡೇಟಾಶೀಟ್‌ಗಳಲ್ಲಿ ತಡದ ಮಿನಿಮಮ್ ಕಾಲಂ ಖಾಲಿ ಇರುತ್ತದೆ. ಹೋಲ್ಡ್ ಲೆಕ್ಕಕ್ಕೆ ಬೇಕಾದದ್ದು ಅದೇ. ಅದಿಲ್ಲದ ಮೇಲೆ ಹೋಲ್ಡ್ ಪಾಸ್ ಅಂತ ಕಾಗದದ ಮೇಲೆ ಗ್ಯಾರಂಟಿ ಕೊಡಲು ಬರುವುದಿಲ್ಲ. ಸ್ಕ್ಯೂ ಇಲ್ಲದಂತೆ ಕಟ್ಟುವುದೇ ದಾರಿ.

ಇನ್ನೊಂದು: ನಿಮ್ಮ 14 ಮೆಗಾಹರ್ಟ್ಸ್ ಕೂಡ ತಪ್ಪು. Q3ರಿಂದ ಎಕ್ಸಾರ್ ಮೂಲಕ Q1ಗೆ ಬರುವ ದಾರಿ ಬಿಟ್ಟಿದ್ದೀರಿ. ಅಲ್ಲಿ ಲಾಂಚ್ ತಡವಾಗಿ ಆಗುತ್ತದೆ, ಕ್ಯಾಪ್ಚರ್ ಬೇಗ, ಅಂದರೆ ಸ್ಕ್ಯೂ ಮೈನಸ್. ಇನ್ವರ್ಟರ್‌ನ ಗರಿಷ್ಠ 17, ನಾಲ್ಕಕ್ಕೆ 68.

```
Q3 -> XOR -> Q1 : 35 + 24 + 12 + 68 = 139 ns -> 7.2 MHz
```

Q2ರಿಂದ Q3ಗೆ ಕೊಟ್ಟ ಟೈಮನ್ನು Q3ರಿಂದ Q1ಗೆ ಹೋಗುವಾಗ ಕಿತ್ತುಕೊಂಡಿದ್ದೀರಿ. ಸುತ್ತಿ ಬರುವ ಸರ್ಕ್ಯೂಟಿನಲ್ಲಿ ಸ್ಕ್ಯೂಗಳ ಮೊತ್ತ ಯಾವಾಗಲೂ ಸೊನ್ನೆ. ಅದೂ ಅಲ್ಲದೆ Q2ರಿಂದ Q3ಗೆ ಟಿಪಿಕಲ್ 36 ಕಳೆದದ್ದೂ ಆಸೆಬುರುಕತನ. ಲಾಭಕ್ಕೆ ಬರುವ ಸ್ಕ್ಯೂವಿನಲ್ಲಿ ಕನಿಷ್ಠ ಹಿಡಿಯಬೇಕು, ನಷ್ಟಕ್ಕೆ ಬರುವುದರಲ್ಲಿ ಗರಿಷ್ಠ.

ಭೀಮಾತೀರ

ಹಂಗಾದ್ರ ಕ್ಲಾಕ್ ಉಲ್ಟಾ ಕೊಡ್ರಿ. Q3ಗೆ ನೇರ, Q1, Q2ಕ್ಕ ಇನ್ವರ್ಟರ್ ದಾಟಿ. ಡೇಟಾ ಹೋಗೋ ದಿಕ್ಕಿಗೆ ಎದುರಾಗಿ ಕ್ಲಾಕ್ ಹರಿದ್ರ ಹೋಲ್ಡ್ ತಕರಾರು ಬರೂದಿಲ್ಲ. ಉದ್ದನ ಶಿಫ್ಟ್ ರಿಜಿಸ್ಟರ್‌ನಾಗ ಹಂಗೇ ಮಾಡ್ತಾರ.

ಬಿದ್ರಿ_ತಂತಿ

ಬರೀ ಶಿಫ್ಟ್ ರಿಜಿಸ್ಟರ್ ಆಗಿದ್ದರೆ ನಿಮ್ಮ ಮಾತು ಸರಿ. ಇಲ್ಲಿ ಕೊನೆಯದು ಮೊದಲಿಗೆ ತಿರುಗಿ ಬರುತ್ತದಲ್ಲ, ಎದುರು ಅನ್ನುವ ದಿಕ್ಕು ಅಲ್ಲಿ ಕೆಡುತ್ತದೆ. Q3 ಬೇಗ ಹೊಸ ಬೆಲೆ ಬಿಟ್ಟರೆ ಅದು 17ಕ್ಕೆ ಎಕ್ಸಾರ್‌ನ ಟಿಪಿಕಲ್ 14 ಸೇರಿ, 31 ನ್ಯಾನೋಸೆಕೆಂಡಿಗೆ Q1ರ D ಪಿನ್ನಿಗೆ ಬರುತ್ತದೆ. Q1ಗೆ ಬೇಕಾದದ್ದು 39. ಮತ್ತೆ ಹೋಲ್ಡ್ ತಪ್ಪು. ಈ ಸಲ 111, 011, 001, 000. ಎರಡು ಕ್ಲಾಕಿಗೆ ಬದಲು ಮೂರು ಕ್ಲಾಕಿಗೆ ಸಾಯುತ್ತದೆ, ಅಷ್ಟೇ ವ್ಯತ್ಯಾಸ.

ಇನ್ವರ್ಟರ್ ಎರಡೇ ಇದ್ದರೆ 18ಕ್ಕೆ 3 ಸೇರಿ 21, ಡೇಟಾ 31ಕ್ಕೆ, ಟಿಪಿಕಲ್ ಲೆಕ್ಕಕ್ಕೆ ದಾಟುತ್ತದೆ. ಆದರೆ Q2ರಿಂದ Q3ಗೆ 35 + 12 + 34, ಅಂದರೆ 81 ನ್ಯಾನೋಸೆಕೆಂಡ್ ಬೇಕಾಗಿ 12.3 ಮೆಗಾಹರ್ಟ್ಸ್‌ಗೆ ಇಳಿಯುತ್ತೀರಿ. ಏನೂ ಹಾಕದಿದ್ದರೆ 14 ಸಿಗುವಾಗ ಈ ಕಸರತ್ತು ಯಾಕೆ?

ತೊಗರಿ_ಕಣಜ (ಕಲಬುರಗಿ)

ನಂದೂ ಇದೇ ಪ್ರಶ್ನೆ ಅನಸ್ತದ. ಎಫ್‌ಪಿಜಿಎ ಮ್ಯಾಲೆ ಮಾಡೀನಿ. ವಿವಾಡೋದಾಗ ಪಿರಿಯಡ್ 10 ನ್ಯಾನೋಸೆಕೆಂಡ್ ಕೊಟ್ಟಾಗ WNS -1.2, WHS -0.3 ತೋರಸ್ತು. ಪಿರಿಯಡ್ 20 ಮಾಡ್ದೆ. WNS ಪ್ಲಸ್ ಆಯ್ತು, WHS ಹಂಗೇ ಉಳೀತು. ಟೂಲ್ ಬಗ್ ಇರಬಹುದಾ? ಕ್ಲಾಕ್ ಹಿಂಗ ಅದ:

```verilog
assign clk2 = clk & en;
```

ಬಿದ್ರಿ_ತಂತಿ

ಬಗ್ ಅಲ್ಲ. WNS ಸೆಟಪ್ ಲೆಕ್ಕ, WHS ಹೋಲ್ಡ್ ಲೆಕ್ಕ. ಮೇಲಿನ ಹೋಲ್ಡ್ ಸಾಲನ್ನೇ ಟೂಲ್ ನಿಮಗೆ ತೋರಿಸುತ್ತಿದೆ. ಗರಿಷ್ಠ ಆವರ್ತನ ತೆಗೆಯುವುದು WNSನಿಂದ: 10ರಿಂದ -1.2 ಕಳೆದರೆ 11.2 ನ್ಯಾನೋಸೆಕೆಂಡ್, ಸುಮಾರು 89 ಮೆಗಾಹರ್ಟ್ಸ್. WHS ಮೈನಸ್ ಇರುವ ತನಕ ಆ ಅಂಕಿಗೂ ಬೆಲೆ ಇಲ್ಲ. AND ಗೇಟ್ ದಾಟಿದ `clk2` ತಡವಾಗಿ, ಮಾಮೂಲಿ ರೂಟಿಂಗ್ ಹಿಡಿದು ಹೋಗಿರುತ್ತದೆ. ಗೇಟನ್ನು ಕ್ಲಾಕ್‌ನಿಂದ ತೆಗೆದು ಡೇಟಾ ಕಡೆ ಹಾಕಿ:

```verilog
always @(posedge clk)
  if (en) q3 <= q2;
```

ಇದು ಫ್ಲಾಪ್‌ನ CE ಪಿನ್ನಿಗೆ ಹೋಗುತ್ತದೆ, ಕ್ಲಾಕ್ ಒಂದೇ ಉಳಿಯುತ್ತದೆ. ಬೇರೆ ತೊಂದರೆ ಇದ್ದರೆ ಹೊಸ ಚರ್ಚೆ ತೆಗೆಯಿರಿ, ಇಲ್ಲಿ ಎರಡೂ ಕಲಸಿಹೋಗುತ್ತವೆ.

ಶಹಾಬಾದ್_ಕಲ್ಲು

ಇನ್ವರ್ಟರ್ ಕಿತ್ತಿ ಮೂರೂ ಕ್ಲಾಕ್ ಪಿನ್ನಿಗೆ ಒಂದೇ ವೈರ್ ಕೊಟ್ಟೆ. 7 ಸ್ಟೇಟೂ ಬರ್ಲಿಕ್ಕತ್ತಾವ. 8 ಮೆಗಾಹರ್ಟ್ಸ್ ಆಸಿಲೇಟರ್ ಹಾಕಿದೆ, ಎಲ್‌ಇಡಿ ಉರೀತಾವ. 16 ಹಾಕಿದ್ರೂ ಉರೀತಾವ! ಲೆಕ್ಕ 14 ಅಂತದಲ್ರೀ? ಮತ್ತ ಇನ್ನೊಂದು, ಸ್ಕ್ಯೂ ತೋರಿಸ್ಲಿಕ್ಕೇ ಆ ನಾಲ್ಕು ಇನ್ವರ್ಟರ್ ಇಟ್ಕೊಂಡು ರಿಪೇರಿ ಮಾಡ್ಬೇಕಂದ್ರ ಬರ್ತದೇನು?

ಬಿದ್ರಿ_ತಂತಿ

ಬರುತ್ತದೆ. Q2ರಿಂದ Q3ಗೆ ಹೋಗುವ ಡೇಟಾ ದಾರಿಯಲ್ಲೂ ಇನ್ವರ್ಟರ್ ಹಾಕಿ, ಸಮಸಂಖ್ಯೆಯಲ್ಲಿ. ಎರಡು ಹಾಕಿದರೆ 17 + 18 = 35, ಇನ್ನೂ 39 ಮುಟ್ಟಲಿಲ್ಲ. ನಾಲ್ಕು ಹಾಕಿದರೆ 53. ಒಂದು 74HC04ರಲ್ಲಿ ಆರೇ ಗೇಟ್, ಹಾಗಾಗಿ ಇನ್ನೊಂದು ಚಿಪ್ ಬೇಕು. ಉಳಿದ ಇನ್‌ಪುಟ್‌ಗಳನ್ನು ಗ್ರೌಂಡಿಗೆ ಕಟ್ಟಿ. ಸಾಲು ಸರಿಯಾಗುತ್ತದೆ, ಆವರ್ತನ ಮಾತ್ರ 7.2 ಮೆಗಾಹರ್ಟ್ಸ್‌ನಲ್ಲೇ ನಿಲ್ಲುತ್ತದೆ.

16ರ ವಿಷಯ. 71 ಬಂದದ್ದು ಗರಿಷ್ಠ ಕಾಲಂನಿಂದ. ನಿಮ್ಮ ಚಿಪ್‌ಗಳು ಟಿಪಿಕಲ್ ಹತ್ತಿರ ಇದ್ದರೆ ಅದರ ಅರ್ಧಕ್ಕಿಂತ ಕಮ್ಮಿ ಟೈಮ್ ಸಾಕು. ಇಂದು ಓಡಿತು ಅಂದರೆ ಗ್ಯಾರಂಟಿ ಅಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಕೋಣೆಯೇ 40 ದಾಟುತ್ತದೆ, 25 ಡಿಗ್ರಿ ಕಾಲಂ ಅಲ್ಲಿಗೆ ಸಲ್ಲುವುದಿಲ್ಲ. 85 ಡಿಗ್ರಿ ತನಕದ ಕಾಲಂ ನೋಡಿ: 44 + 30 + 15 = 89, ಅಂದರೆ 11.2 ಮೆಗಾಹರ್ಟ್ಸ್. ನಾನಾದರೆ ಬೋರ್ಡಿನ ಮೇಲೆ 11 ಅಂತಲೇ ಬರೆಯುತ್ತೇನೆ.

ಎಲ್‌ಇಡಿ ಉರಿಯುವುದೂ ಸಾಕ್ಷಿಯಲ್ಲ. ಸೆಟಪ್ ತಪ್ಪಿ ಸ್ಟೇಟ್ ಹಾರಿದರೂ ಅವು ಉರಿಯುತ್ತವೆ. ಮೂರೂ ಔಟ್‌ಪುಟ್ AND ಮಾಡಿ ಆವರ್ತನ ಅಳೆಯಿರಿ. 111 ಏಳಕ್ಕೊಮ್ಮೆ ಬರಬೇಕು, 16ಕ್ಕೆ 2.286 ಮೆಗಾಹರ್ಟ್ಸ್. ಅದು ಅಲ್ಲಾಡದೆ ನಿಂತರೆ ಸರಿ.

ಶಹಾಬಾದ್_ಕಲ್ಲು

AND ಮಾಡಿ ನೋಡ್ತೀನ್ರಿ ಸರ್. ಒಂದು ಉಳೀತು. ಆಸಿಲೇಟರ್ ತೆಗೆದು ಪುಶ್ ಬಟನ್‌ಲೇ ಕ್ಲಾಕ್ ಕೊಟ್ರ ಆಗೊಮ್ಮೆ ಈಗೊಮ್ಮೆ 000ಕ್ಕ ಬೀಳ್ತದ. ಈಗಂತೂ ಇನ್ವರ್ಟರ್ ಇಲ್ಲ.

ಭೀಮಾತೀರ

ಬಟನ್ ಬೌನ್ಸ್. 74HC14 ಹಾಕ್ರಿ.

ಬಿದ್ರಿ_ತಂತಿ

74HC14 ಹಾಕುವುದು ಸರಿ, ಕಾರಣ ಮಾತ್ರ ಪೂರ್ತಿ ಅದಲ್ಲ. ಬೌನ್ಸ್ ಒಂದೇ ಆದರೆ ಒತ್ತಿದ್ದಕ್ಕಿಂತ ಹೆಚ್ಚು ಹೆಜ್ಜೆ ಹಾಕಬೇಕು, ಏಳು ಸ್ಟೇಟ್ ಬಿಟ್ಟು ಹೊರಗೆ ಹೋಗಬಾರದು. 000 ಬರಬೇಕೆಂದರೆ ಒಂದೇ ಎಡ್ಜನ್ನು ಫ್ಲಾಪ್‌ಗಳು ಬೇರೆ ಬೇರೆ ಹೊತ್ತಿಗೆ ಕಂಡಿರಬೇಕು, ಇಲ್ಲವೆ ತೀರಾ ಸಣ್ಣ ಪಲ್ಸ್ ಒಂದಕ್ಕೆ ಕಂಡು ಇನ್ನೊಂದಕ್ಕೆ ಕಾಣದೆ ಹೋಗಿರಬೇಕು. ಬಟನ್ನಿಗೆ ಕೆಪಾಸಿಟರ್ ಕಟ್ಟಿದ್ದೀರಾ? ಕಟ್ಟಿದ್ದರೆ ಎಡ್ಜ್ ಮೈಕ್ರೋಸೆಕೆಂಡ್‌ಗಟ್ಟಲೆ ನಿಧಾನವಾಗಿ ಏರುತ್ತದೆ. ಎರಡು ಚಿಪ್ಪಿನ ಥ್ರೆಶೋಲ್ಡ್ ನಡುವೆ ಸ್ವಲ್ಪ ಫರಕು ಇದ್ದರೂ ಅದು ನೂರಾರು ನ್ಯಾನೋಸೆಕೆಂಡ್ ಸ್ಕ್ಯೂ ಆಗುತ್ತದೆ. 4.5 ವೋಲ್ಟಿನಲ್ಲಿ ಇನ್‌ಪುಟ್ ಎಡ್ಜ್ 500 ನ್ಯಾನೋಸೆಕೆಂಡಿಗಿಂತ ನಿಧಾನ ಇರಬಾರದು.

ಶಹಾಬಾದ್_ಕಲ್ಲು

ಕೆಪಾಸಿಟರ್ ಅದ, 1 ಮೈಕ್ರೋಫ್ಯಾರಡ್. ತೆಗೆದ್ರೂ ಒಮ್ಮೊಮ್ಮೆ ಬೀಳ್ತದ, ಮೊದಲಿನಕಿಂತ ಕಮ್ಮಿ.

ಬಿದ್ರಿ_ತಂತಿ

ಹಾಗಾದರೆ ಇನ್ನೊಂದು ಕಾರಣ ಉಳಿದಿದೆ. ಪ್ರತಿ ಚಿಪ್ಪಿನ 14 ಮತ್ತು 7ರ ನಡುವೆ 100 ನ್ಯಾನೋಫ್ಯಾರಡ್ ಇದೆಯೇ ನೋಡಿ. ಕೆಪಾಸಿಟರ್ ವಾಪಸ್ ಹಾಕಿ, ಅದರ ಮುಂದೆ 74HC14 ಇಟ್ಟು, ಅದರ ಔಟ್‌ಪುಟ್ ಒಂದರಿಂದಲೇ ಮೂರೂ ಕ್ಲಾಕ್ ಪಿನ್ನಿಗೆ ಕೊಡಿ. ಆಮೇಲೂ 000 ಬಂದರೆ ಸ್ಕೋಪ್‌ನಲ್ಲಿ ಎರಡೂ ಚಿಪ್ಪಿನ 3ನೇ ಪಿನ್ ಒಟ್ಟಿಗೆ ಹಿಡಿದು ಚಿತ್ರ ಹಾಕಿ. ಅದಿಲ್ಲದೆ ಮುಂದೆ ಹೇಳಿದ್ದೆಲ್ಲ ಊಹೆ ಆಗುತ್ತದೆ.

ಶಹಾಬಾದ್_ಕಲ್ಲು

100 ನ್ಯಾನೋ ಎರಡನೇ ಚಿಪ್ಪಿಗೆ ಇಲ್ರಿ. ಸೋಮವಾರ ಲ್ಯಾಬ್‌ನಾಗ ಸ್ಕೋಪ್ ಸಿಗ್ತದ, ಹಾಕ್ತೀನಿ.