ಸಹಾಯ ಬೇಕು: ಸಂಪಾದಿತ ಗ್ರಂಥದ ವಿಮರ್ಶೆ

ಗ್ರಾಮೀಣಾಭಿವೃದ್ಧಿ ಕುರಿತ ಸಂಪಾದಿತ ಗ್ರಂಥವೊಂದನ್ನು ಸಂಶೋಧನಾ ಪತ್ರಿಕೆಗಾಗಿ ವಿಮರ್ಶಿಸುತ್ತಿದ್ದೇನೆ. ಪದಮಿತಿ 1,200, ಅಧ್ಯಾಯಗಳು 14. ಎಲ್ಲವನ್ನೂ ಮುಟ್ಟಿದರೆ ಅದು ಪರಿವಿಡಿಯಾಗುತ್ತದೆ, ವಿಮರ್ಶೆಯಲ್ಲ.

ನನ್ನನ್ನು ಕಾಡುತ್ತಿರುವುದು 2005ರ ಉದ್ಯೋಗ ಖಾತರಿ ಕಾಯ್ದೆಯ ಮೇಲಿನ ಎರಡು ಅಧ್ಯಾಯಗಳು. ಒಂದು, ಕೆಲಸ ಪಡೆದ ಕುಟುಂಬಗಳ ಸರಾಸರಿ ದಿನಗಳನ್ನು ಲೆಕ್ಕಹಾಕಿ ಯೋಜನೆ ಗೆದ್ದಿದೆ ಎನ್ನುತ್ತದೆ. ಇನ್ನೊಂದು, ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟರೂ ದಿನಾಂಕವಿರುವ ರಸೀದಿ ಸಿಗದವರ ಕಥೆ ಹೇಳುತ್ತದೆ. ರಸೀದಿಯಿಲ್ಲದಿದ್ದರೆ 15 ದಿನಗಳ ಗಡುವು ಮೀರಿತೆಂದು ತೋರಿಸಿ ನಿರುದ್ಯೋಗ ಭತ್ಯೆ ಕೇಳುವುದು ಕಷ್ಟ. ಅಂಥವರು ಮೊದಲನೆಯ ಸರಾಸರಿಯೊಳಗೆ ಬರುವುದೇ ಇಲ್ಲ. ಸಂಪಾದಕರ ಪ್ರಸ್ತಾವನೆಯೋ ಎರಡನ್ನೂ ‘ಪರಸ್ಪರ ಪೂರಕ’ ಎಂದು ಸಾಗಹಾಕಿದೆ!

ಈ ವಿರೋಧವನ್ನೇ ವಿಮರ್ಶೆಯ ಬೆನ್ನೆಲುಬಾಗಿಸಿ, ಉಳಿದ ಅಧ್ಯಾಯಗಳನ್ನು ಒಂದೇ ಪರಿಚ್ಛೇದದಲ್ಲಿ ಮುಗಿಸಬಹುದೇ? ಇಂಥ ವಿಮರ್ಶೆ ಬರೆದವರು, ಪತ್ರಿಕೆ ಸಂಪಾದಿಸಿದವರು ದಯವಿಟ್ಟು ತಿಳಿಸಿ.