ಅಪ್‌ಡೇಟ್: ಅನುವಾದಿತ ಕೃತಿಗೆ ಯಾವ ವರ್ಷ?

ನನ್ನ ಪ್ರಶ್ನೆ: "ಎಪಿಎ ಉಲ್ಲೇಖ ಶೈಲಿಯ ಏಳನೆಯ ಆವೃತ್ತಿಯಲ್ಲಿ 'ಸಂಸ್ಕಾರ'ದ ಇಂಗ್ಲಿಷ್ ಅನುವಾದಕ್ಕೆ 1965 ಹಾಕಬೇಕೋ, 1976 ಹಾಕಬೇಕೋ?"

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಎರಡೂ ಬೇಕು, ಆದರೆ ಬೇರೆ ಬೇರೆ ಜಾಗದಲ್ಲಿ.

ಗ್ರಂಥಸೂಚಿಯ ನಮೂದು ಅನಂತಮೂರ್ತಿಯವರ ಹೆಸರಿನಿಂದಲೇ ಶುರುವಾಗುತ್ತದೆ. ಪಕ್ಕದ ಆವರಣದಲ್ಲಿ ನಾವು ಓದಿದ ಪುಸ್ತಕದ ವರ್ಷ, 1976. ಶೀರ್ಷಿಕೆಯ ನಂತರ ಆವರಣದಲ್ಲಿ ಅನುವಾದಕರಾದ ಎ. ಕೆ. ರಾಮಾನುಜನ್, ಆಮೇಲೆ ಪ್ರಕಾಶಕರು. ಮೂಲ ಕೃತಿ 1965ರಲ್ಲಿ ಪ್ರಕಟವಾಯಿತೆಂಬ ಮಾತು ಕಟ್ಟಕಡೆಗೆ, ಆವರಣದೊಳಗೆ. ಆ ಆವರಣ ಮುಗಿದ ಮೇಲೆ ಪೂರ್ಣವಿರಾಮ ಇಲ್ಲ. ಬರಹದ ನಡುವೆ (ಅನಂತಮೂರ್ತಿ, 1965/1976) ಎಂದು ಹಳೆಯ ವರ್ಷ ಮೊದಲು ಬರುತ್ತದೆ.

ಉಲ್ಲೇಖಗಳನ್ನು ನಿರ್ವಹಿಸುವ ತಂತ್ರಾಂಶವಾದ ಝೊಟೆರೊದಲ್ಲಿ Date ಜಾಗಕ್ಕೆ 1976 ಕೊಟ್ಟು, Extra ಜಾಗದಲ್ಲಿ ಹೀಗೆ ಬರೆಯಬೇಕು:

```
Original Date: 1965
```

ರಾಮಾನುಜನ್ ಅವರನ್ನು Author ಬದಲು Translator ಎಂದು ಗುರುತಿಸಬೇಕು. ಇಲ್ಲದಿದ್ದರೆ ಅವರು ಸಹಲೇಖಕರಾಗಿಬಿಡುತ್ತಾರೆ. ಬರಹದ ನಡುವೆ ಎರಡು ಹೆಸರು ಕಂಡರೆ ತಪ್ಪಿರುವುದು ಇಲ್ಲೇ.

ಹೆಚ್ಚು ಎಡವುವುದು ಮರುಮುದ್ರಣದಲ್ಲಿ. ಅದೇ ಪ್ರಕಾಶಕರು ಅದೇ ಪಠ್ಯವನ್ನು ಮತ್ತೆ ಅಚ್ಚು ಹಾಕಿದ್ದರೆ ಆ ಮುದ್ರಣದ ವರ್ಷ ಲೆಕ್ಕಕ್ಕಿಲ್ಲ. ಹಕ್ಕುಸ್ವಾಮ್ಯದ ಪುಟದ ವರ್ಷವೇ ಸಾಕು. ಬೇರೆ ಪ್ರಕಾಶಕರು ಹೊಸದಾಗಿ ಹೊರತಂದ ಪ್ರತಿ ಕೈಯಲ್ಲಿದ್ದರೆ ಮಾತ್ರ 1976ರ ಜಾಗಕ್ಕೆ ಅದರ ವರ್ಷ ಬರುತ್ತದೆ. ಆಗಲೂ ಮೂಲದ ವರ್ಷ 1965 ಆಗಿಯೇ ಉಳಿಯುತ್ತದೆ, ಏಕೆಂದರೆ ಅದು ಕನ್ನಡ ಕಾದಂಬರಿಯ ವರ್ಷ, ಅನುವಾದದ್ದಲ್ಲ. ಪುಟಸಂಖ್ಯೆಗಳನ್ನೂ ಕೈಯಲ್ಲಿರುವ ಪ್ರತಿಯಿಂದಲೇ ತೆಗೆದುಕೊಳ್ಳಿ.